ಮೊದಲು ಹೂಂಗುಟ್ಟುವುದು, ಮಾತು ಆಮೇಲೆ

ಕಳೆದ ಮೇ ತಿಂಗಳ ಒಂದು ಭಾನುವಾರ ಅಕ್ಕನ ಮಗ ಡೊಂಬಿವಲಿಯಿಂದ ಠಾಣೆಯ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಊಟಕ್ಕೆ ಕೂತವರು ಆರು ಜನ. ಮಾತು ಮಾವಿನ ಹಣ್ಣಿನಿಂದ ಶುರುವಾಗಿ ನೀರಿನ ಟ್ಯಾಂಕರಿಗೆ, ಅಲ್ಲಿಂದ ಧಾರವಾಡದ ಮನೆಯ ರಿಪೇರಿಗೆ ಹೋಯಿತು. ಅವನು ಮೂರು ಸಲ ಬಾಯಿ ತೆರೆದು ಮುಚ್ಚಿದ್ದನ್ನು ನಾನು ನೋಡಿದೆ. ನಾಲ್ಕನೇ ಸಲ ಮಾತು ಹೊರಬಂತು, ಆದರೆ ಅದು ಮಾವಿನ ಹಣ್ಣಿನ ಬಗ್ಗೆ. ಉಳಿದವರು ಅಷ್ಟರಲ್ಲಿ ಮನೆಯ ಹಂಚಿನ ಲೆಕ್ಕದಲ್ಲಿದ್ದರು. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಅವನು ತಟ್ಟೆ ನೋಡುತ್ತ ಉಳಿದ.

ಹದಿನಾಲ್ಕು ತಿಂಗಳಿಂದ ಅವನು ಒಂದು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬನೇ ಕೂತು ಕಂಪ್ಯೂಟರ್ ಕೆಲಸ ಮಾಡುತ್ತಿದ್ದ. ನಡುವೆ ಟೈಫಾಯ್ಡ್ ಆಗಿ ಒಂದೂವರೆ ತಿಂಗಳು ಮಲಗಿದ್ದ. ಊಟವಾದ ಮೇಲೆ ಬಾಲ್ಕನಿಯಲ್ಲಿ ನಿಂತು ಹೇಳಿದ: "ಮೌಶಿ, ಮಾತು ಮರತಿಲ್ಲ ನಾ. ಯಾವಾಗ ಬಾಯಿ ತೆರೀಬೇಕು ಅನ್ನೂದ ತಿಳೀವಲ್ತು."

ಇಪ್ಪತ್ತೆರಡು ವರ್ಷದಿಂದ ಮುಂಬಯಿಯಲ್ಲಿ ಮಾತಿನ ಚಿಕಿತ್ಸೆ ಮಾಡಿಕೊಂಡು ಬಂದವಳು ನಾನು. ಇದಕ್ಕಿಂತ ಸರಿಯಾಗಿ ಈ ತೊಂದರೆಯನ್ನು ಯಾರೂ ನನಗೆ ಹೇಳಿದ್ದಿಲ್ಲ. ತುಂಬ ದಿನ ಒಬ್ಬರೇ ಇದ್ದವರಿಗೆ ಪದಗಳೂ ವಿಷಯಗಳೂ ಹಾಗೇ ಇರುತ್ತವೆ. ಕೆಡುವುದು ಸರದಿಯ ಲಯ. ಅದನ್ನು ಮತ್ತೆ ಕೂಡಿಸಿಕೊಳ್ಳಲು ಅವನ ಜೊತೆ ಮೂರು ತಿಂಗಳು ಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕೆಟ್ಟಿದ್ದು ಏನು

ಇಬ್ಬರು ಎದುರುಬದುರು ಮಾತಾಡುವಾಗ ಒಬ್ಬರ ಮಾತು ಮುಗಿದು ಇನ್ನೊಬ್ಬರದು ಶುರುವಾಗುವ ನಡುವಿನ ಅಂತರ ಸರಾಸರಿ ಒಂದು ಸೆಕೆಂಡಿನ ಐದನೇ ಒಂದು ಭಾಗ. ಬೇರೆ ಬೇರೆ ಖಂಡಗಳ ಹತ್ತು ಭಾಷೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಲ್ಲ ಕಡೆಯೂ ಲಯ ಹೆಚ್ಚುಕಡಿಮೆ ಇದೇ ಇತ್ತು. ಆದರೆ ಒಂದೇ ಒಂದು ಪದವನ್ನು ತಲೆಯಲ್ಲಿ ಹುಡುಕಿ ಬಾಯಿಗೆ ತರಲು ಅರ್ಧ ಸೆಕೆಂಡಿಗಿಂತ ಹೆಚ್ಚು ಬೇಕು. ಹಾಗಾಗಿ ಎದುರಿನವರು ಮುಗಿಸುವ ತನಕ ಕಾದು ಆಮೇಲೆ ಯೋಚಿಸಿದರೆ ತಡವಾಗೇ ಆಗುತ್ತದೆ. ನಾವೆಲ್ಲ ಕೇಳುತ್ತಲೇ ಉತ್ತರ ಕಟ್ಟಿಕೊಳ್ಳುತ್ತಿರುತ್ತೇವೆ, ಅವರ ವಾಕ್ಯ ಎಲ್ಲಿ ಮುಗಿಯುತ್ತದೆ ಅಂತ ಮೊದಲೇ ಅಂದಾಜು ಮಾಡುತ್ತಿರುತ್ತೇವೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅದರ ಹಿಂದೆ "ಅಲ್ವಾ", "ನೋಡ್ರಿ", "ಅಂತ" ಅನ್ನುವ ಬಾಲಗಳು. ಬಾಲ ಕೇಳಿಸಿದಾಗ ನಾವು ತಯಾರಾಗಿರುತ್ತೇವೆ. ಇದನ್ನು ಯಾರೂ ಕಲಿಸುವುದಿಲ್ಲ, ದಿನಾ ಆಡಿ ಆಡಿ ಇರುವ ರೂಢಿ ಇದು.

ಮನೆಯಿಂದ ಕೆಲಸ ಮಾಡುವವರು ದಿನಕ್ಕೆ ನಾಲ್ಕು ಗಂಟೆ ವಿಡಿಯೋ ಕಾಲ್‌ನಲ್ಲಿ ಇರುತ್ತಾರಲ್ಲ, ಅದು ಮಾತಲ್ಲವೇ ಅಂತ ನೀವು ಕೇಳಬಹುದು. ತೊಂದರೆ ಬಂದಿರುವುದೇ ಅಲ್ಲಿಂದ. ವಿಡಿಯೋ ಕಾಲ್‌ನಲ್ಲಿ ದನಿ ತುಸು ತಡವಾಗಿ ತಲುಪುತ್ತದೆ, ಆದ್ದರಿಂದ ಸಭ್ಯರಾದವರು ಕಾಯುವುದನ್ನು ಕಲಿಯುತ್ತಾರೆ. ಎಲ್ಲರೂ ಮ್ಯೂಟ್‌ನಲ್ಲಿ ಇರುವುದರಿಂದ "ಹ್ಞೂಂ", "ಹೌದಾ", "ಅಯ್ಯೋ" ಯಾವುದೂ ಯಾರಿಗೂ ಕೇಳಿಸುವುದಿಲ್ಲ. ತಿಂಗಳುಗಟ್ಟಲೆ ಹೀಗೆ ಇದ್ದವನು ಊಟದ ಮನೆಗೆ ಬಂದರೂ ಅದೇ ಶಿಸ್ತಿನಲ್ಲಿ ಕಾಯುತ್ತಾನೆ. ಊಟದ ಮನೆಯಲ್ಲಿ ಕಾಯುವವನಿಗೆ ಸರದಿ ಬರುವುದೇ ಇಲ್ಲ.

ಕಾಯಿಲೆಯಿಂದ ಎದ್ದವರ ದಾರಿ ಬೇರೆ. ಅವರ ಜೊತೆ ಎಲ್ಲರೂ ಒಂದೇ ವಿಷಯ ಮಾತಾಡಿರುತ್ತಾರೆ, ಪ್ರಶ್ನೆ ಯಾವಾಗಲೂ ಬಂದವರದು, ಉತ್ತರ ಇವರದು. ಕೇಳುವ ಕಡೆಯ ರೂಢಿ ತಪ್ಪಿಹೋಗಿರುತ್ತದೆ. ಕೊನೆಗೆ ಇಬ್ಬರೂ ಬಂದು ನಿಲ್ಲುವುದು ಒಂದೇ ಕಡೆ.

ಮೊದಲು ಗಂಟಲು, ಕಿವಿ

ಅಭ್ಯಾಸಕ್ಕೆ ಇಳಿಯುವ ಮೊದಲು ಇವೆರಡನ್ನು ನೋಡಿಕೊಳ್ಳಿ. ಬಹಳ ದಿನ ಮಾತಾಡದ ಗಂಟಲು ಹತ್ತು ನಿಮಿಷಕ್ಕೇ ದಣಿಯುತ್ತದೆ, ಜನ ಅದನ್ನು ತಮ್ಮ ಅಂಜಿಕೆ ಅಂದುಕೊಳ್ಳುತ್ತಾರೆ. ಅರ್ಧ ಲೋಟ ನೀರಿಗೆ ಒಂದು ಸ್ಟ್ರಾ ಇಳಿಸಿ, ಅದರ ತುದಿ ನೀರಿನಲ್ಲಿ ಎರಡು ಸೆಂಟಿಮೀಟರ್ ಮುಳುಗಿರಲಿ. ಸ್ಟ್ರಾದೊಳಗೆ "ಊ" ಅಂತ ದನಿ ಬಿಡುತ್ತ ಗುಳ್ಳೆ ಎಬ್ಬಿಸಿ. ನೀರಿನ ಒತ್ತಡ ತಿರುಗಿ ಬಂದು ಧ್ವನಿತಂತುಗಳಿಗೆ ಆಸರೆಯಾಗುತ್ತದೆ, ಬಲ ಹಾಕದೆ ದನಿ ಹೊರಡುತ್ತದೆ. ಬೆಳಿಗ್ಗೆ ಮೂರು ನಿಮಿಷ ಇದು, ಆಮೇಲೆ ಐದು ನಿಮಿಷ ಪೇಪರನ್ನು ಗಟ್ಟಿಯಾಗಿ ಓದುವುದು. ಒಂದು ವಾರ ಸಾಕು.

ದನಿ ಒಡೆದದ್ದು ನಾಲ್ಕು ವಾರವಾದರೂ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ. ಐಸಿಯುನಲ್ಲಿ ಗಂಟಲೊಳಗೆ ಕೊಳವೆ ಹಾಕಿಸಿಕೊಂಡವರು ಅಷ್ಟು ದಿನವೂ ಕಾಯಬೇಡಿ. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್, ಕ್ಯಾನಮೈಸಿನ್ ಅಥವಾ ಅಮಿಕಾಸಿನ್ ಚುಚ್ಚುಮದ್ದು ತೆಗೆದುಕೊಂಡವರಿಗೆ ಒಂದು ಮಾತು ವಿಶೇಷವಾಗಿ ಹೇಳಬೇಕು. ಈ ಮದ್ದುಗಳು ಕೆಲವರ ಕಿವಿಗೆ ಹಾನಿ ಮಾಡುತ್ತವೆ, ಮೊದಲು ಹೋಗುವುದು ಎತ್ತರದ ದನಿಗಳು. ಆಗ ಮಾತಾಡುತ್ತಿರುವುದು ಕೇಳಿಸುತ್ತದೆ, ಆದರೆ "ಸ", "ಶ"ದಂಥ ಅಕ್ಷರಗಳು ಮಸುಕಾಗಿ, ಗದ್ದಲದಲ್ಲಿ ಏನು ಹೇಳಿದರು ಅಂತ ಹತ್ತುವುದಿಲ್ಲ. ಇಂಥವರು ವರ್ಷಗಟ್ಟಲೆ "ನನಗೆ ಜನರೊಂದಿಗೆ ಬೆರೆಯಲು ಬರುವುದಿಲ್ಲ" ಅಂತ ತಮ್ಮನ್ನೇ ದೂರಿಕೊಂಡಿದ್ದನ್ನು ನೋಡಿದ್ದೇನೆ. ಬಾಂದ್ರಾ ರೆಕ್ಲಮೇಶನ್‌ನಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ, 1983ರಲ್ಲಿ ಇದೇ ಕೆಲಸಕ್ಕೆ ಸ್ಥಾಪನೆಯಾದದ್ದು. ಕಿವಿ ಪರೀಕ್ಷೆ ಅಲ್ಲಿ ಆಗುತ್ತದೆ.

ಇನ್ನೊಂದು ಎಚ್ಚರ. ಮಾತು ದಿಢೀರನೆ ತೊದಲಿದರೆ, ಬಾಯಿ ಒಂದು ಕಡೆ ವಾಲಿದರೆ ಅದು ಒಂಟಿತನದಿಂದ ಆದದ್ದಲ್ಲ, ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಹೂಂಗುಟ್ಟುವ ವಾರ

ಚಿಕ್ಕವರಿದ್ದಾಗ ಅಜ್ಜಿ ಕಥೆ ಹೇಳಲು ಶುರು ಮಾಡುವ ಮೊದಲು "ಹೂಂ ಅನ್ನಬೇಕು ಮತ್ತ" ಅನ್ನುತ್ತಿದ್ದಳಲ್ಲ, ನಾವು ಹೂಂ ನಿಲ್ಲಿಸಿದರೆ ಕಥೆಯೂ ನಿಲ್ಲುತ್ತಿತ್ತು. ಸರದಿಯ ಲಯ ಅಲ್ಲಿಂದ ಹುಟ್ಟಿದ್ದು, ಮತ್ತೆ ಶುರು ಮಾಡಬೇಕಾದದ್ದೂ ಅಲ್ಲಿಂದಲೇ.

ಅವನಿಗೆ ನಾನು ಕೊಟ್ಟ ಮೊದಲ ಕೆಲಸ ಇದು. ದಿನಾ ಸಂಜೆ ಧಾರವಾಡಕ್ಕೆ ಅವ್ವನಿಗೆ ಹತ್ತು ನಿಮಿಷ ಫೋನ್ ಮಾಡಬೇಕು, ವಿಡಿಯೋ ಬೇಡ. ಅವನು ಏನೂ ಹೇಳಬೇಕಾಗಿಲ್ಲ. ಅವ್ವನ ಪ್ರತಿ ವಾಕ್ಯದ ಬಾಲಕ್ಕೆ ಒಂದು ಹ್ಞೂಂ, ಹೌದ, ಏನಂದ್ಲು, ಹಂಗಾ, ಯಾವುದಾದರೂ ಸರಿ. ಬಾಲ ಮುಗಿಯುವ ಮೊದಲೇ ಬಿದ್ದರೂ ಪರವಾಗಿಲ್ಲ. ಹತ್ತು ನಿಮಿಷದಲ್ಲಿ ಎರಡೇ ಪ್ರಶ್ನೆ, ಅವೂ ಅವ್ವ ಈಗಷ್ಟೇ ಆಡಿದ ಮಾತಿನೊಳಗಿಂದಲೇ ಹುಟ್ಟಿರಬೇಕು.

ಮೂರನೇ ದಿನ ಅವನು ನನಗೆ ಹೇಳಿದ್ದು ಹೀಗೆ. ಅವ್ವ ಪಕ್ಕದ ಮನೆಯವರು ರೊಟ್ಟಿ ಮಾಡುವವಳನ್ನು ಬಿಡಿಸಿದ ಸುದ್ದಿ ಹೇಳುತ್ತಿದ್ದಳು. ಮೊದಲಾದರೆ ಅವನು ಸುಮ್ಮನಿದ್ದು, ಅವಳು ನಿಲ್ಲಿಸಿದ ಮೇಲೆ "ಮತ್ತ ಏನ್ ಸುದ್ದಿ?" ಅನ್ನುತ್ತಿದ್ದ. ಈ ಸಲ "ಬಿಡಿಸಿದ್ರಾ? ಮತ್ತ ಈಗ ರೊಟ್ಟಿ ಯಾರ ಮಾಡ್ತಾರ?" ಅಂದ. ಅವ್ವ ಹನ್ನೆರಡು ನಿಮಿಷ ಮಾತಾಡಿದಳು. "ಮತ್ತ ಏನ್ ಸುದ್ದಿ" ಅನ್ನುವುದು ಮಾತನ್ನು ಬಾಗಿಲ ಹೊರಗೆ ಕಳಿಸಿ ಇನ್ನೊಂದು ಬಾಗಿಲು ತಟ್ಟಿದ ಹಾಗೆ. ಒಂಟಿಯಾಗಿದ್ದವರು ಎಲ್ಲರೂ ಅದನ್ನು ಬಳಸುತ್ತಾರೆ, ಮೊದಲು ಬಿಡಬೇಕಾದ ರೂಢಿ ಅದು.

ಅವ್ವ ಇಲ್ಲದವರು, ಫೋನಿನಲ್ಲಿ ಬಹಳ ಮಾತಾಡುವ ಯಾರನ್ನಾದರೂ ಆರಿಸಿಕೊಳ್ಳಿ. ಪ್ರತಿ ಊರಿನ ಪ್ರತಿ ಮನೆತನದಲ್ಲೂ ಅಂಥ ಒಬ್ಬರು ಇರುತ್ತಾರೆ, ಅವರಿಗೆ ಕೇಳುವವರು ಸಿಕ್ಕರೆ ಸಂತೋಷ.

ಒಬ್ಬರೇ ಭಾಜಿಯವರು, ಒಂದೇ ಹೊತ್ತು

ಎರಡನೇ ವಾರದಿಂದ ಹೊರಗೆ. ಮುಂಬಯಿಯ ಕನ್ನಡಿಗರಿಗೆ ಇಲ್ಲೊಂದು ಅನುಕೂಲ ಇದೆ. ಅಂಗಡಿಯಲ್ಲಿ ನಾವು ಆಡುವುದು ಮರಾಠಿ ಅಥವಾ ಹಿಂದಿ, ಅದೂ ನಿಗದಿಯಾದ ಹತ್ತಿಪ್ಪತ್ತು ವಾಕ್ಯಗಳಲ್ಲಿ. ಪದ ಹುಡುಕುವ ಕೆಲಸವೇ ಇಲ್ಲ, ಆದ್ದರಿಂದ ಲಯದ ಮೇಲೆ ಗಮನ ಇಡಬಹುದು.

ಅವನು ಮೊಬೈಲಿನಲ್ಲಿ ಭಾಜಿ ತರಿಸುವುದನ್ನು ನಿಲ್ಲಿಸಿ, ಸ್ಟೇಷನ್ ಹತ್ತಿರ ಕೂರುವ ಒಬ್ಬ ಮಾವಶಿಯ ಹತ್ತಿರ ದಿನಾ ಬೆಳಿಗ್ಗೆ ಹತ್ತಕ್ಕೆ ಹೋಗತೊಡಗಿದ. ಒಬ್ಬರೇ, ಒಂದೇ ಹೊತ್ತು ಅನ್ನುವುದು ಮುಖ್ಯ. ದಿನಕ್ಕೊಂದು ಅಂಗಡಿ ಮಾಡಿದರೆ ಪ್ರತಿ ದಿನವೂ ಮೊದಲ ದಿನವೇ ಆಗುತ್ತದೆ. ಬೆಲೆ ಕೇಳಿ ದುಡ್ಡು ಕೊಡುವುದರ ಜೊತೆ ಒಂದೇ ಒಂದು ವಾಕ್ಯ ಹೆಚ್ಚು ಆಡಬೇಕು, ಆ ವಾಕ್ಯ ಇಬ್ಬರ ಕಣ್ಣ ಮುಂದೆ ಇರುವ ವಸ್ತುವಿನ ಬಗ್ಗೆ ಇರಬೇಕು. ಮೆಂತ್ಯ ಇವತ್ತು ಚಿಕ್ಕದಾಗಿದೆಯಲ್ಲ, ನಿನ್ನೆ ಮಳೆಯಲ್ಲಿ ಎಲ್ಲಿ ಕೂತಿದ್ದಿರಿ, ಇಷ್ಟೇ. ಉತ್ತರ ಬಂದರೆ ಒಂದು ಹೂಂ ಸೇರಿಸಿ ಹೊರಡಬೇಕು. ಬರದಿದ್ದರೆ ಅವಳಿಗೆ ಗಿರಾಕಿಗಳ ಗದ್ದಲ ಇತ್ತು ಅಂತ ತಿಳಿಯಬೇಕು, ಅದಕ್ಕೆ ಬೇರೆ ಅರ್ಥ ಕಟ್ಟಬಾರದು.

ಎಂಟನೇ ದಿನ ಅವನು ಹೋಗಲಿಲ್ಲ. ಒಂಬತ್ತನೇ ದಿನ ಅವಳೇ ಕೇಳಿದಳಂತೆ, ನಿನ್ನೆ ಯಾಕೆ ಬರಲಿಲ್ಲ ಅಂತ. ಆ ಪ್ರಶ್ನೆಗೆ ಅವನು ತಡಮಾಡದೆ ಉತ್ತರ ಕೊಟ್ಟ. ಕೊಟ್ಟದ್ದು ಮನೆಗೆ ಬಂದ ಮೇಲೆ ನೆನಪಾಯಿತು.

ಪಕ್ಕಪಕ್ಕ ಕೂತು, ಇಳಿಯುವ ಸ್ಟೇಷನ್ ಇಟ್ಟುಕೊಂಡು

ನಾಲ್ಕನೇ ವಾರದಿಂದ ಒಬ್ಬ ಗೆಳೆಯನ ಜೊತೆ ನಿಜವಾದ ಮಾತು. ಹೋಟೆಲಿನ ಮೇಜಿಗೆ ಎದುರುಬದುರು ಕೂರಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಎದುರಿಗೆ ಕೂತಾಗ ಮೌನ ದೊಡ್ಡದಾಗಿ ಕಾಣುತ್ತದೆ, ಎಷ್ಟು ಹೊತ್ತು ಅನ್ನುವುದೂ ಗೊತ್ತಿರುವುದಿಲ್ಲ. ಪಕ್ಕಪಕ್ಕ ನಡೆಯುವಾಗ ಅಥವಾ ಕೂತು ಪ್ರಯಾಣ ಮಾಡುವಾಗ ಮೌನ ಸಹಜ, ಕಿಟಕಿಯ ಹೊರಗೆ ನೋಡಲು ಏನೋ ಇರುತ್ತದೆ.

ಅವನ ಹಳೆಯ ಗೆಳೆಯನೊಬ್ಬ ಶನಿವಾರ ಠಾಣೆಗೆ ಕೆಲಸಕ್ಕೆ ಹೋಗುತ್ತಿದ್ದ. ಗದ್ದಲ ಇಳಿದ ಮೇಲೆ, ಹನ್ನೊಂದರ ಸುಮಾರಿನ ಸ್ಲೋ ಲೋಕಲ್‌ನಲ್ಲಿ ಕೂರಲು ಜಾಗ ಸಿಗುತ್ತದೆ. ಕೋಪರ್, ದಿವಾ, ಮುಂಬ್ರಾ, ಕಳವಾ, ಆಮೇಲೆ ಠಾಣೆ. ಅರ್ಧ ಗಂಟೆಯೊಳಗಿನ ದಾರಿ, ಠಾಣೆಯಲ್ಲಿ ಮಾತು ತಾನಾಗಿ ಮುಗಿಯುತ್ತದೆ. "ಬರ್ತೀನಿ" ಅನ್ನಲು ನೆಪ ಹುಡುಕಬೇಕಾಗಿಲ್ಲ. ಮಾತು ಮುಗಿಸುವುದು ಹೇಗೆ ಅನ್ನುವ ಚಿಂತೆಯಿಂದಲೇ ಎಷ್ಟೋ ಜನ ಶುರುವೇ ಮಾಡುವುದಿಲ್ಲ.

ಇಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: ಇಷ್ಟು ದಿನ ಎಲ್ಲಿದ್ದಿ, ಏನು ಮಾಡುತ್ತಿದ್ದಿ? ಇದಕ್ಕೆ ಮೊದಲೇ ಉತ್ತರ ಇಟ್ಟುಕೊಳ್ಳಿ. ಎರಡು ವಾಕ್ಯ ನಿಮ್ಮದು, ಮೂರನೆಯದು ಅವರ ಕಡೆಗೆ ತಿರುಗುವ ಪ್ರಶ್ನೆ. ಅವನದು ಹೀಗಿತ್ತು: "ಮನಿಯಿಂದನ ಕೆಲಸ, ನಡುವ ಟೈಫಾಯ್ಡ್ ಆಗಿ ಒಂದೂವರಿ ತಿಂಗಳ ಮಲಗಿದ್ದೆ. ಈಗ ಆರಾಮದೀನಿ, ನಾಲಿಗಿಗಷ್ಟ ರುಚಿ ಇನ್ನೂ ಪೂರ್ತಿ ಬಂದಿಲ್ಲ. ನೀ ಇನ್ನೂ ಅದ ಮನ್ಯಾಗ ಇದ್ದೀಯೇನು?" ನಡುವಿನ ಆ ರುಚಿಯ ಮಾತನ್ನು ನಾನು ಬೇಕೆಂದೇ ಸೇರಿಸಿದ್ದೆ. ಬರೀ "ಆರಾಮ" ಅಂದರೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ, ಕಾಯಿಲೆಯ ಪೂರ್ತಿ ಕಥೆ ಹೇಳಿದರೆ ಗೆಳೆಯನಿಗೆ ಮರುಕ ಬಿಟ್ಟು ಬೇರೆ ದಾರಿ ಇರುವುದಿಲ್ಲ. ಒಂದು ಸಣ್ಣ, ನಿಜವಾದ ವಿವರ ಕೊಟ್ಟರೆ ಅವರೇ ಅಲ್ಲಿಂದ ಎಳೆ ಹಿಡಿಯುತ್ತಾರೆ.

ಇದೇ ಹಂತದಲ್ಲಿ ಕೆಲವರಿಗೆ ತಿರುಗಾಮುರುಗಾ ಆಗುತ್ತದೆ. ಕಟ್ಟಿಹೋಗಿದ್ದ ಮಾತು ಒಮ್ಮೆಲೇ ಒಡೆದು, ಅರ್ಧ ಗಂಟೆ ಅವರೇ ಮಾತಾಡಿಬಿಡುತ್ತಾರೆ. ಆಮೇಲೆ ನಾಚಿಕೆಯಾಗಿ ವಾರಗಟ್ಟಲೆ ಫೋನ್ ತೆಗೆಯುವುದಿಲ್ಲ. ತಿಳಿಯುವುದು ಹೇಗೆ ಅಂದರೆ, ಎದುರಿನವರ ಹೂಂ ಕೇಳಿ. ಬಿಡಿಬಿಡಿಯಾಗಿ, ಬೇರೆ ಬೇರೆ ದನಿಯಲ್ಲಿ ಬರುತ್ತಿದ್ದರೆ ಅವರು ನಿಮ್ಮ ಜೊತೆ ಇದ್ದಾರೆ. "ಹ್ಞಾಂ ಹ್ಞಾಂ, ಹ್ಞಾಂ ಹ್ಞಾಂ" ಅಂತ ಜೋಡಿಯಾಗಿ, ಒಂದೇ ಸ್ವರದಲ್ಲಿ, ಬೇಗಬೇಗ ಬಂದರೆ ಅವರಿಗೆ ಸರದಿ ಬೇಕಾಗಿದೆ. ವಾಕ್ಯ ಅರ್ಧಕ್ಕೇ ಬಿಟ್ಟರೂ ನಡೆಯುತ್ತದೆ, ಅಲ್ಲಿಗೆ ನಿಲ್ಲಿಸಿ ಅವರ ಕಡೆ ತಿರುಗಿ.

ಗುಂಪಿನಲ್ಲಿ

ಆರನೇ ವಾರ ನನ್ನಿಂದ ಒಂದು ತಪ್ಪಾಯಿತು. ಸಂಬಂಧಿಕರ ಮನೆಯ ಪೂಜೆಗೆ ಅವನನ್ನು ಕರೆದುಕೊಂಡು ಹೋದೆ, ಹನ್ನೊಂದು ಜನ ಇದ್ದರು. ಮೂರು ಜನರ ಮಾತಿನ ಹಂತವನ್ನು ನಾನು ಹಾರಿಸಿಬಿಟ್ಟಿದ್ದೆ. ಅವನು ಇಪ್ಪತ್ತು ನಿಮಿಷ ಫೋನ್ ಹಿಡಿದು ಕೂತು, ಆಮೇಲೆ ಬಾಲ್ಕನಿಗೆ ಹೋದ. ರಾತ್ರಿ ಭಾಜಿ ಮಾವಶಿಯ ಹತ್ತಿರ ಹೋಗುವುದೂ ಸಾಕು ಅಂದ.

ಇಬ್ಬರ ಮಾತಿನಲ್ಲಿ ನಿಮ್ಮ ಸರದಿ ನಿಮಗಾಗಿ ಕಾಯುತ್ತದೆ. ಮೂವರಲ್ಲಿ ಅದು ಬೇಗ ಬಂದವರದು. ನಾಲ್ಕು ಜನ ದಾಟಿದರೆ ಮಾತು ಸಾಮಾನ್ಯವಾಗಿ ಎರಡಾಗಿ ಒಡೆಯುತ್ತದೆ. ಈ ಕೊನೆಯ ಸಂಗತಿಯೇ ನಮ್ಮ ಕೈಗೆ ಸಿಗುವ ಹಿಡಿಕೆ. ಹನ್ನೊಂದು ಜನರ ಗುಂಪನ್ನು ಗುಂಪಾಗಿ ನೋಡಬೇಡಿ, ತುದಿಯಲ್ಲಿ ಕೂತ ಒಬ್ಬರ ಪಕ್ಕ ಕೂತು ಇಬ್ಬರ ಮಾತು ಶುರು ಮಾಡಿ.

ಮೂವರ ಮಾತಿಗೆ ನುಗ್ಗುವ ದಾರಿ ಮತ್ತೆ ಹೂಂ ಅನ್ನುವುದೇ. ಮಾತಾಡುತ್ತಿರುವವರಿಗೆ ಗಟ್ಟಿಯಾಗಿ ಒಂದು "ಹೌದೌದು" ಅನ್ನಿ. ಆಗ ಅವರ ಕಣ್ಣು ನಿಮ್ಮ ಕಡೆ ತಿರುಗುತ್ತದೆ, ಕಣ್ಣು ತಿರುಗಿದಲ್ಲಿಗೆ ಸರದಿ ಬರುತ್ತದೆ. ಆಗಲೂ ಪೂರ್ತಿ ವಾಕ್ಯ ಕಟ್ಟಿಕೊಂಡು ಹೊರಡಬೇಡಿ. ಅವನ ತೊಂದರೆಯೇ ಅದಾಗಿತ್ತು, ವಾಕ್ಯ ತಲೆಯಲ್ಲಿ ಚೊಕ್ಕವಾಗುವ ತನಕ ಬಾಯಿ ತೆರೆಯುತ್ತಿರಲಿಲ್ಲ. "ಅಲ್ರೀ, ಮೊನ್ನೆ ನಮ್ಮ ಕಡೆ..." ಅಂತ ತುದಿ ಹಿಡಿದು ಎಳೆದರೆ ಸಾಕು, ಉಳಿದದ್ದು ಆಡುತ್ತ ಬರುತ್ತದೆ.

ನಾವು ಎರಡು ವಾರ ಹಿಂದೆ ಹೋದೆವು. ನಮ್ಮ ಮನೆಯಲ್ಲಿ ಅವನು, ನಾನು, ನನ್ನ ಯಜಮಾನರು ಮೂರೇ ಜನ ಚಹಾಕ್ಕೆ ಕೂತೆವು. ಆಮೇಲೆ ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ಒಂದು ಕನ್ನಡ ಕಾರ್ಯಕ್ರಮಕ್ಕೆ ಹೋದೆವು. 1926ರಿಂದ ಮುಂಬಯಿ ಕನ್ನಡಿಗರನ್ನು ಸೇರಿಸುತ್ತ ಬಂದ ಸಂಸ್ಥೆ ಅದು. ಕಾರ್ಯಕ್ರಮದ ಅನುಕೂಲ ಏನೆಂದರೆ ಎಲ್ಲರೂ ಆಗಷ್ಟೇ ಒಂದೇ ವಸ್ತುವನ್ನು ನೋಡಿರುತ್ತಾರೆ, ವಿಷಯ ಹುಡುಕಬೇಕಾಗಿಲ್ಲ, ಪಕ್ಕದ ಕುರ್ಚಿಯವರು ಪಕ್ಕದಲ್ಲೇ ಇರುತ್ತಾರೆ. ಹೊರಗೆ ಬರುವಾಗ ಹಿರಿಯರೊಬ್ಬರು "ಯಾವೂರ ತಮ್ಮ ನಿಂದು?" ಅಂದರು. ಧಾರವಾಡ ಅನ್ನುವಷ್ಟರಲ್ಲಿ ಯಾವ ಓಣಿ ಅಂತ ಬಂತು. ನಾನು ಚಪ್ಪಲಿ ಹುಡುಕುವ ನೆಪದಲ್ಲಿ ದೂರ ನಿಂತೆ. ಇಬ್ಬರೂ ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುತ್ತಿದ್ದರು.

ಅಳೆಯುವುದು ಹೇಗೆ

ಮಾತು ಮುಗಿಸಿ ಬಂದ ಮೇಲೆ "ನಾನು ಹೇಗೆ ಕಂಡೆ" ಅಂತ ಕೇಳಿಕೊಳ್ಳಬೇಡಿ. ಆ ಲೆಕ್ಕ ಯಾವಾಗಲೂ ತಪ್ಪುತ್ತದೆ. ಹೊಸದಾಗಿ ಪರಿಚಯವಾದ ಜೋಡಿಗಳನ್ನು ಮಾತಿಗೆ ಬಿಟ್ಟು ನೋಡಿದ 2018ರ ಒಂದು ಅಧ್ಯಯನದಲ್ಲಿ, ಎದುರಿನವರಿಗೆ ತಾವು ಎಷ್ಟು ಹಿಡಿಸಿದೆವು ಅನ್ನುವುದನ್ನು ಜನ ಸಾಮಾನ್ಯವಾಗಿ ಕಡಿಮೆಯೇ ಅಂದಾಜು ಮಾಡಿದ್ದರು. ಅದರ ಬದಲು ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಎದುರಿನವರು ಹೇಳಿದ ಮೂರು ಸಂಗತಿ ಬರೆಯಿರಿ. ಮೂರು ನೆನಪಾದರೆ ನಿಮ್ಮ ಗಮನ ಅವರ ಮೇಲಿತ್ತು, ಲಯ ತಾನಾಗಿ ಬರುತ್ತದೆ. ಒಂದೂ ನೆನಪಾಗದಿದ್ದರೆ ಅವರು ಮಾತಾಡುವಾಗ ನೀವು ನಿಮ್ಮ ಮುಂದಿನ ವಾಕ್ಯ ತೀಡುತ್ತಿದ್ದಿರಿ, ಒಂದು ಹಂತ ಹಿಂದಕ್ಕೆ ಹೋಗಿ.

ಕಾಯಿಲೆಯಿಂದ ಎದ್ದವರು ಜೊತೆಗೆ ನಿಮಿಷಗಳನ್ನೂ ಬರೆದುಕೊಳ್ಳಿ. ಮಾತಿಗೂ ಮೈಶಕ್ತಿ ಬೇಕು. ಮಾರನೇ ದಿನ ಏಳಲಾರದಷ್ಟು ದಣಿವಾದರೆ ಮುಂದಿನ ಸಲ ಅರ್ಧಕ್ಕೆ ಇಳಿಸಿ, ಒಂದು ವಾರ ಅಲ್ಲೇ ಇರಿ.

ಲಯ ಬಂದರೂ ಯಾರನ್ನೂ ನೋಡುವ ಮನಸ್ಸೇ ಇಲ್ಲ, ಎರಡು ವಾರದಿಂದ ನಿದ್ದೆ, ಊಟ ಯಾವುದೂ ಸರಿಯಿಲ್ಲ ಅಂತಾದರೆ ಈ ಅಭ್ಯಾಸ ಸಾಲದು. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ.

ಅವನ ನೋಟ್‌ಬುಕ್ ಈಗ ನನ್ನ ಹತ್ತಿರ ಇದೆ. ಮೊದಲ ಪುಟದಲ್ಲಿ "ಅವ್ವ, ರೊಟ್ಟಿಯವಳು" ಅಂತ ಒಂದೇ ಸಾಲು. ಒಂಬತ್ತನೇ ವಾರದಲ್ಲಿ ಗೆಳೆಯನ ಬಾಡಿಗೆ, ಗೆಳೆಯನ ತಂಗಿಯ ಪರೀಕ್ಷೆ, ಕಳವಾದಲ್ಲಿ ಹತ್ತಿದ ಮೀನಿನ ಬುಟ್ಟಿ. ಹನ್ನೆರಡನೇ ವಾರ ಖಾಲಿ. ಯಾಕೋ ಅಂತ ಕೇಳಿದರೆ, "ಬರಿಯೂದ ನೆನಪಾಗಲಿಲ್ಲ ಮೌಶಿ" ಅಂದ. ಬರೆಯಲು ನೆನಪಾಗದ ವಾರ ಬಂದಾಗ ನೀವೂ ಬರೆಯುವುದನ್ನು ನಿಲ್ಲಿಸಬಹುದು.